ಶೋರೀಲ್‌ನಲ್ಲಿ ಯಾವ ಶಾಟ್ ಮೊದಲು?

ಅನಿಮೇಷನ್ ಸ್ಟುಡಿಯೋಗೆ ಅರ್ಜಿ ಹಾಕಿದವರ ಅಂಕಪಟ್ಟಿಗಿಂತ ಮೊದಲು ಅಲ್ಲಿನವರು ನೋಡುವುದು ಶೋರೀಲನ್ನು. ಅಂದರೆ, ತಾನು ಮಾಡಿದ ಶಾಟ್‌ಗಳನ್ನು ಆರಿಸಿ ಜೋಡಿಸಿದ ಒಂದು ನಿಮಿಷದ ಆಸುಪಾಸಿನ ವಿಡಿಯೋ. ನೋಡುವವರ ಮುಂದೆ ಇಂಥವು ರಾಶಿ ಬಿದ್ದಿರುತ್ತವೆ. ಮೊದಲ ಹತ್ತು ಸೆಕೆಂಡು ಸಪ್ಪೆಯಾದರೆ ಮುಂದಿನದಕ್ಕೆ ಹೋಗಿಬಿಡುತ್ತಾರೆ.

ಕೋರ್ಸ್ ಮುಗಿಸಿದ ಹುಡುಗಿಯೊಬ್ಬಳು ಕ್ಯಾರೆಕ್ಟರ್ ಅನಿಮೇಟರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ ಅಂದುಕೊಳ್ಳಿ. ಪುಟಿಯುವ ಚೆಂಡು, ಒಂದು ನಡಿಗೆ, ಭಾರದ ಪೆಟ್ಟಿಗೆ ಎತ್ತುವ 8 ಸೆಕೆಂಡಿನ ಶಾಟ್, ಗೋಡೆ ಹಾರುವ 6 ಸೆಕೆಂಡು, ಒಬ್ಬಾತ ಮಾತಾಡುವ 12 ಸೆಕೆಂಡು, ಕಾರಿನ ಒಂದು ಮಾಡೆಲ್ ಅವಳ ಬಳಿ ಇವೆ. ಕಾರು ಎಷ್ಟೇ ಚೆನ್ನಾಗಿರಲಿ, ಅದು ಮಾಡೆಲಿಂಗ್ ಹುದ್ದೆಗೆ ಸಲ್ಲುವಂಥದ್ದು. ಒಬ್ಬರೇ ಎಲ್ಲ ಕೆಲಸ ಮಾಡಬೇಕಾದ ಸಣ್ಣ ಸ್ಟುಡಿಯೋ ಆದರೆ ಮಾತು ಬೇರೆ. ಚೆಂಡೂ ನಡಿಗೆಯೂ ತರಗತಿಯ ಅಭ್ಯಾಸಗಳು, ಎಲ್ಲರ ರೀಲಿನಲ್ಲೂ ಇರುತ್ತವೆ. ಅವನ್ನೂ ಬಿಡಬಹುದು.

ಉಳಿದ ಮೂರನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಬೇಕು. ಸ್ಟುಡಿಯೋದ ಅನಿಮೇಟರ್ ಕೂಡ ಹಾಗೇ ನೋಡುತ್ತಾನೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಗೋಡೆ ಹಾರಿದವನ ಜಿಗಿತ ಸೊಗಸಾಗಿಯೇ ಕಾಣುತ್ತದೆ. ನಿಲ್ಲಿಸಿ ನೋಡಿದರೆ, ನೆಲ ಮುಟ್ಟಿದ ಪಾದ ನಾಲ್ಕೈದು ಫ್ರೇಮ್ ಜಾರುತ್ತಿದೆ, ಕಾಲು ನೆಟ್ಟಗಾಗುವಾಗ ಮೊಣಕಾಲು ಫಕ್ಕನೆ ಎಗರುತ್ತಿದೆ. ಇದನ್ನು ತಿದ್ದಬೇಕು, ಇಲ್ಲವೇ ಕಿತ್ತುಹಾಕಬೇಕು. ಹಾಗೇ ಬಿಟ್ಟರೆ, ಇವಳಿಗೆ ತಪ್ಪು ಕಾಣಿಸಿಲ್ಲ ಎಂಬ ಅನುಮಾನ ಪಕ್ಕದ ಒಳ್ಳೆಯ ಶಾಟ್‌ಗಳಿಗೂ ಅಂಟುತ್ತದೆ.

ಮಾತಿನ ಶಾಟನ್ನು ದನಿ ಮುಚ್ಚಿ ನೋಡಬೇಕು. ಸಿಟ್ಟೋ ಸಂಕೋಚವೋ ಮೈ ನೋಡಿದರೇ ತಿಳಿದರೆ ಶಾಟ್ ಗೆದ್ದ ಹಾಗೆ. ಬರೀ ತುಟಿ ಆಡುತ್ತಿದ್ದರೆ ಸಾಲದು. ಇವಳ ಶಾಟ್‌ನಲ್ಲಿ ಮೊದಲ 7 ಸೆಕೆಂಡು ಜೀವಂತವಾಗಿದೆ. ಆಮೇಲೆ ಎರಡು ಕೈಗಳೂ ಕನ್ನಡಿಯಲ್ಲಿ ಕಂಡಂತೆ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಇಳಿಯುತ್ತವೆ. ಮೊದಲ ವಾಕ್ಯ ಮುಗಿಯುವುದೂ ಅಲ್ಲೇ ಆದ್ದರಿಂದ ಅಲ್ಲಿಗೇ ಕತ್ತರಿಸಬಹುದು. ದಿನಗಟ್ಟಲೆ ಕೂತು ಮಾಡಿದ್ದನ್ನು ಬಿಸಾಡಲು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆ ಶ್ರಮ ನೋಡುವವರಿಗೆ ಕಾಣುವುದಿಲ್ಲ.

ಇನ್ನು ಸಾಲು. ಸಿನಿಮಾ, ಸೀರಿಯಲ್ ಮಾಡುವ ಸ್ಟುಡಿಯೋ ಆದರೆ ನಟನೆಯಿರುವ ಮಾತಿನ ಶಾಟ್ ಮೊದಲು. ನಡುವೆ ತಿದ್ದಿದ ಜಿಗಿತ, ಕೊನೆಗೆ ಪೆಟ್ಟಿಗೆ. ಪೆಟ್ಟಿಗೆಯ ಶಾಟ್‌ನಲ್ಲಿ ಎತ್ತುವ ಮೊದಲೇ ಸೊಂಟ ಕೆಳಗಿಳಿದು, ಭಾರ ಬಿದ್ದೊಡನೆ ಮೈ ಹಿಂದಕ್ಕೆ ವಾಲುತ್ತದೆ. ಕೆಲಸ ಗೊತ್ತು ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ, ನೋಡಿ ಮುಗಿಸಿದ ಮೇಲೂ ನೆನಪಿನಲ್ಲಿ ಉಳಿಯುತ್ತದೆ. ಅದಕ್ಕೇ ಎರಡನೆಯ ಅತ್ಯುತ್ತಮ ಶಾಟನ್ನು ಕೊನೆಗಿಡುವುದು. ಗೇಮ್ ಸ್ಟುಡಿಯೋಗೆ ಕಳಿಸುವಾಗ ಜಿಗಿತ ಮುಂದೆ ಬರಲಿ, ಮಾತು ನಡುವೆ ಹೋಗಲಿ. ಒಟ್ಟು 21 ಸೆಕೆಂಡಾಯಿತು. ಹೊಸಬರಿಗೆ ಅದು ನಾಚಿಕೆಯ ವಿಷಯವೇನಲ್ಲ.

ಆರಂಭದಲ್ಲಿ ತಿರುಗುವ ಲೋಗೋ ಬೇಡ. ಹೆಸರು, ಫೋನ್ ನಂಬರ್ ಎರಡು ಸೆಕೆಂಡು ಕಂಡರೆ ಸಾಕು, ಕೊನೆಯಲ್ಲಿ ಮತ್ತೊಮ್ಮೆ. ಗುಂಪಿನಲ್ಲಿ ಮಾಡಿದ ಶಾಟ್ ಇದ್ದರೆ ಅದರಲ್ಲಿ ತನ್ನ ಪಾಲು ಯಾವುದು ಎಂದು ಪರದೆಯ ಮೂಲೆಯಲ್ಲೇ ಬರೆಯಬೇಕು. ಸಂದರ್ಶನದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.