ಅವರೆಕಾಯಿ ಮಾರಾಟಕ್ಕೆ 90 ಸೆಕೆಂಡಿನ ವಿಡಿಯೊ: ರೈತ ಉತ್ಪಾದಕರ ಗುಂಪು ಸ್ಕ್ರಿಪ್ಟ್ ಬರೆಯುವ ಕ್ರಮ

ಬೆಂಗಳೂರಿನ ಜ್ಞಾನಭಾರತಿ, ನಾಗರಭಾವಿ, ಕೆಂಗೇರಿ ಭಾಗದ ವಸತಿ ಸಮುಚ್ಚಯಗಳಿಗೆ ಮಾಗಡಿ ಸೀಮೆಯ ರೈತರು ತಾವರೆಕೆರೆ ಮಾರ್ಗವಾಗಿ ಬೆಳಗಿನ ಹೊತ್ತಿಗೇ ತಾಜಾ ತರಕಾರಿಯನ್ನು ತಲುಪಿಸಬಹುದು. ಇಂತಹ ನೇರ ಮಾರಾಟದಲ್ಲಿ ಗ್ರಾಹಕರು ಹೊಲವನ್ನು ಕಾಣುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಬಂದ ಒಂದು ಸಣ್ಣ ವಿಡಿಯೊದ ಮೂಲಕವೇ. ಆದುದರಿಂದ ವಿಡಿಯೊದಲ್ಲಿ ಆಡುವ ಪ್ರತಿಯೊಂದು ಮಾತೂ ಗುಂಪು ಗ್ರಾಹಕರಿಗೆ ಕೊಟ್ಟ ವಚನವಾಗುತ್ತದೆ. ಸ್ಕ್ರಿಪ್ಟ್ ಬರೆಯುವಾಗ ಮೊದಲು ಇತ್ಯರ್ಥವಾಗಬೇಕಾದುದು ಸೊಗಸಾದ ಮಾತಲ್ಲ. ‘ಸಾವಯವ’ ಎಂಬ ಪದವನ್ನು ಬಳಸುವ ಅರ್ಹತೆ ಗುಂಪಿಗೆ ಇದೆಯೇ ಎಂಬುದು.

ಯಾವ ಹಂತಕ್ಕೆ ಯಾವ ಮಾತು

ಸಾವಯವ ಆಹಾರಕ್ಕೆ ಸಂಬಂಧಿಸಿದಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2017ರ ನಿಯಮಗಳು ಜಾರಿಯಲ್ಲಿವೆ. ಇವು ಎರಡು ಪ್ರಮಾಣೀಕರಣ ಪದ್ಧತಿಗಳನ್ನು ಮಾನ್ಯ ಮಾಡುತ್ತವೆ. ಒಂದು, ಹೊರಗಿನ ಸಂಸ್ಥೆಯು ಪರಿಶೀಲಿಸುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇನ್ನೊಂದು, ಕನಿಷ್ಠ ಐವರು ರೈತರ ಸ್ಥಳೀಯ ಗುಂಪು ಪರಸ್ಪರ ಹೊಲಗಳನ್ನು ಪರಿಶೀಲಿಸುವ ಪಿಜಿಎಸ್-ಇಂಡಿಯಾ. ಪಿಜಿಎಸ್‌ನಲ್ಲಿ ಪರಿವರ್ತನೆಯ ಹಂತದ ಹೊಲಕ್ಕೆ ‘ಪಿಜಿಎಸ್-ಗ್ರೀನ್’, ಪರಿವರ್ತನೆ ಪೂರ್ಣಗೊಂಡ ಹೊಲಕ್ಕೆ ‘ಪಿಜಿಎಸ್-ಆರ್ಗ್ಯಾನಿಕ್’ ಮಾನ್ಯತೆ ದೊರೆಯುತ್ತದೆ.

ಪೂರ್ಣ ಪ್ರಮಾಣಪತ್ರವಿರುವ ಗುಂಪು ‘ಪ್ರಮಾಣೀಕೃತ ಸಾವಯವ’ ಎಂದು ಹೇಳಬಹುದು ಮತ್ತು ‘ಜೈವಿಕ್ ಭಾರತ್’ ಲಾಂಛನವನ್ನು ತೋರಿಸಬಹುದು. ಪರಿವರ್ತನೆಯ ಹಂತದಲ್ಲಿರುವ ಗುಂಪು ಆ ಹಂತವನ್ನೇ ಹೇಳಬೇಕು, ಲಾಂಛನವನ್ನು ಬಳಸಬಾರದು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕರು ಅಥವಾ ಅವರ ಗುಂಪು ಬಳಕೆದಾರರಿಗೆ ನೇರವಾಗಿ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಅವರಿಗೂ ಲಾಂಛನವಿಲ್ಲ. ರಾಗಿ ಹಿಟ್ಟಿನಂತಹ ಸಂಸ್ಕರಿತ ಪದಾರ್ಥಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಒಂದು ಉದಾಹರಣೆ

ಮಾಗಡಿ ತಾಲ್ಲೂಕಿನ ಎಂಟು ಮಂದಿ ಸದಸ್ಯರ ಗುಂಪೊಂದು ಅವರೆಕಾಯಿ ಮಾರಲು ಹೊರಟಿದೆ ಎಂದು ಭಾವಿಸೋಣ. ಅವರ ಹೊಲಗಳು ಪರಿವರ್ತನೆಯ ಎರಡನೆಯ ವರ್ಷದಲ್ಲಿದ್ದು ಪಿಜಿಎಸ್-ಗ್ರೀನ್ ಮಾನ್ಯತೆ ಪಡೆದಿವೆ. ಶನಿವಾರಕ್ಕೆ 150 ಕೆ.ಜಿ. ಕಾಯಿ ದೊರೆಯುವ ಅಂದಾಜಿದೆ. ಇವರ ವಿಡಿಯೊ 90 ಸೆಕೆಂಡು ಮೀರದಿರಲಿ. ಆಡುವ ಮಾತು ಸುಮಾರು 100 ಪದಗಳೊಳಗೆ ಇರಲಿ. ಬರೆದುದನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ಹೆಚ್ಚಾದುದನ್ನು ಕಡಿತಗೊಳಿಸಬೇಕು. ಮಾತು ಬೆಳೆದವರದೇ ಆಡುಮಾತಾಗಿರಬೇಕು.

*ದೃಶ್ಯ 1 (0–15 ಸೆಕೆಂಡು): ಮಂಜಿನ ಬೆಳಗು, ಹೂಕಾಯಿ ತುಂಬಿದ ಅವರೆ ಸಾಲು. ಸದಸ್ಯೆಯೊಬ್ಬರು ಕಾಯಿ ಬಿಡಿಸುತ್ತಿದ್ದಾರೆ.*
“ನಮಸ್ಕಾರ. ಇದು ಮಾಗಡಿ ಹತ್ರ ನಮ್ಮ ಹೊಲ. ನಾಡ ಅವರೆ ಚಳಿಗಾಲಕ್ಕೇ ಕಾಯಿ ಕಟ್ಟೋದು. ಅದಕ್ಕೇ ವರ್ಷಪೂರ್ತಿ ಕೊಡಕ್ಕಾಗಲ್ಲ.”

*ದೃಶ್ಯ 2 (15–40 ಸೆಕೆಂಡು): ಕಷಾಯದ ಡ್ರಮ್ಮು, ಬಳಿಕ ಸಿಂಪರಣೆಯ ದಿನಾಂಕವಿರುವ ಪುಸ್ತಕದ ಪುಟ.*
“ಕಾಯಿಕೊರಕ ಹುಳಕ್ಕೆ ಬೇವಿನ ಬೀಜದ ಕಷಾಯ ಹೊಡೀತೀವಿ. ಹೊಡೆದ ದಿನ ಇಲ್ಲೇ ಬರೆದಿಟ್ಟಿದೀವಿ. ಈ ಹೊಲ ಸಾವಯವಕ್ಕೆ ತಿರುಗಿ ಎರಡನೇ ವರ್ಷ. ಪೂರ್ತಿ ಪ್ರಮಾಣಪತ್ರ ಇನ್ನೂ ಬಂದಿಲ್ಲ.”

*ದೃಶ್ಯ 3 (40–65 ಸೆಕೆಂಡು): ತಕ್ಕಡಿಯ ಮೇಲೆ 1 ಕೆ.ಜಿ. ಕಾಯಿ, ಸುಲಿದ ಕಾಳಿನ ತೂಕ, ಹುಳು ತಿಂದ ಒಂದು ಕಾಯಿ.*
“ಒಂದು ಕೆ.ಜಿ. ಕಾಯಿ ಸುಲಿದ್ರೆ ಇಷ್ಟು ಕಾಳು ಬಂತು, ನೋಡಿ. ಆರಿಸಿಯೇ ಕಳಿಸ್ತೀವಿ. ಆದ್ರೂ ಅಲ್ಲೊಂದು ಇಲ್ಲೊಂದು ಕಾಯಲ್ಲಿ ಹುಳ ಇರಬಹುದು, ಸುಲಿಯುವಾಗ ನೋಡ್ಕೊಳ್ಳಿ ಅಮ್ಮ.”

*ದೃಶ್ಯ 4 (65–90 ಸೆಕೆಂಡು): ಗಾಳಿಯಾಡುವ ಕ್ರೇಟಿಗೆ ಕಾಯಿ ತುಂಬುವುದು. ತೆರೆಯ ಮೇಲೆ ಬೆಲೆ, ದಿನ, ಗುಂಪಿನ ದೂರವಾಣಿ ಸಂಖ್ಯೆ.*
“ಈ ಶನಿವಾರಕ್ಕೆ ನಮ್ಮತ್ರ ಇರೋದು ನೂರೈವತ್ತು ಕೆ.ಜಿ. ಗುರುವಾರ ಸಂಜೆಯೊಳಗೆ ಹೇಳಿ. ಮುಗಿದ್ರೆ ಮುಂದಿನ ವಾರ. ಬೇರೆ ಕಡೆ ಕೊಂಡು ಕೊಡಲ್ಲ.”

ಹಲವರು ಧ್ವನಿಯಿಲ್ಲದೆ ವಿಡಿಯೊ ನೋಡುವುದರಿಂದ ಇದೇ ಮಾತುಗಳನ್ನು ತೆರೆಯ ಕೆಳಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಮೂಡಿಸಬೇಕು.

ಈ ಮಾತುಗಳ ಹಿಂದಿನ ಕಾರಣ

ನಾಡ ಅವರೆಯು ಹಗಲಿನ ಅವಧಿಗೆ ಸ್ಪಂದಿಸುವ ಬೆಳೆ. ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಅವಧಿಗೆ ಸ್ಪಂದಿಸದ ಕಾರಣ ವರ್ಷದ ಇತರ ಕಾಲದಲ್ಲೂ ಬರುತ್ತವೆ. ಗುಂಪು ಬೆಳೆದಿರುವುದು ಯಾವುದು ಎಂಬುದನ್ನು ಅರಿತು ಮೊದಲ ದೃಶ್ಯದ ಮಾತನ್ನು ಬರೆಯಬೇಕು.

ಬೇವಿನ ಕಷಾಯವೆಂದರೆ ಶೇ. 5ರ ದ್ರಾವಣ. 100 ಲೀಟರ್ ನೀರಿಗೆ 5 ಕೆ.ಜಿ. ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಸಂಜೆ ಸಿಂಪಡಿಸಬೇಕು. ಇದು ಎಳೆಯ ಮರಿಹುಳುಗಳ ಮೇಲೆ ಪರಿಣಾಮಕಾರಿ. ಕಾಯಿಯೊಳಗೆ ಹೊಕ್ಕ ಬಲಿತ ಹುಳುವನ್ನು ಮುಟ್ಟದು. ಹೀಗಾಗಿ ಅಲ್ಲಲ್ಲಿ ಹುಳು ಉಳಿಯುವುದು ಸಹಜ. ಮೊದಲೇ ತಿಳಿಸಿದರೆ ದೂರುಗಳು ಕಡಿಮೆಯಾಗುತ್ತವೆ. ಆದರೆ ‘ಹುಳುವಿದ್ದರೆ ಅದೇ ಸಾವಯವದ ಸಾಕ್ಷಿ’ ಎಂದು ಬರೆಯಬಾರದು. ರಾಸಾಯನಿಕ ಸಿಂಪಡಿಸಿದ ಹೊಲದ ಕಾಯಿಯಲ್ಲೂ ಹುಳುವಿರುತ್ತದೆ. ಸಾಕ್ಷಿ ಎಂದರೆ ಸಿಂಪರಣೆಯ ಪುಸ್ತಕ ಮತ್ತು ಗುಂಪಿನ ಪರಿಶೀಲನಾ ವರದಿ.

‘ಶೇ. 100ರಷ್ಟು ವಿಷಮುಕ್ತ’ ಎಂಬ ಮಾತೂ ಬೇಡ. ನೆರೆಯ ಹೊಲದ ಸಿಂಪರಣೆ ಗಾಳಿಯಲ್ಲಿ ತೇಲಿ ಬರಬಹುದು. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇದನ್ನು ಹೇಳುವ ಆಧಾರ ಯಾರಿಗೂ ಇಲ್ಲ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬಂತಹ ಮಾತು ಕಾನೂನುಬಾಹಿರ.

ವಿಡಿಯೊ ಎಲ್ಲಿ ಸೋಲುತ್ತದೆ

ನಾಲ್ಕನೆಯ ದೃಶ್ಯದ ಕೊನೆಯ ವಾಕ್ಯವೇ ಪಾಲಿಸಲು ಕಠಿಣವಾದುದು. ವಿಡಿಯೊ ಹರಡಿ 190 ಕೆ.ಜಿ.ಗೆ ಬೇಡಿಕೆ ಬಂದಿತು ಎನ್ನೋಣ. ಉಳಿದ 40 ಕೆ.ಜಿ.ಯನ್ನು ಮಂಡಿಯಲ್ಲಿ ಕೊಂಡು ಬೆರೆಸುವ ಆಸೆ ಆಗ ಮೂಡುತ್ತದೆ. ಒಮ್ಮೆ ಬೆರೆಸಿದರೆ ಎಂಟು ಮಂದಿಯ ಎರಡು ವರ್ಷದ ಶ್ರಮವೂ ಪಿಜಿಎಸ್ ಮಾನ್ಯತೆಯೂ ಅಪಾಯಕ್ಕೆ ಸಿಲುಕುತ್ತವೆ.

ಇದನ್ನು ತಡೆಯುವ ಉಪಾಯ ಒಂದೇ ಪುಸ್ತಕದಲ್ಲಿದೆ. ಪ್ರತಿ ಸದಸ್ಯರು ಆ ದಿನ ಕಿತ್ತ ತೂಕವನ್ನು ಒಂದು ಕಡೆ, ನಗರಕ್ಕೆ ಹೋದ ತೂಕವನ್ನು ಇನ್ನೊಂದು ಕಡೆ ಬರೆಯಬೇಕು. ಹೋದುದು ಕಿತ್ತುದಕ್ಕಿಂತ ಹೆಚ್ಚಿದ್ದರೆ ಬೆರಕೆಯಾಗಿದೆ ಎಂದೇ ಅರ್ಥ. ಒಬ್ಬ ಸದಸ್ಯರ ತೂಕ ಅವರ ಹೊಲದ ವಿಸ್ತೀರ್ಣಕ್ಕೆ ಮೀರಿದ್ದರೂ ವಿಚಾರಿಸಬೇಕು. ಬೇಡಿಕೆ 150 ಕೆ.ಜಿ. ತಲುಪಿದ ಕೂಡಲೇ ‘ಈ ವಾರ ಮುಗಿದಿದೆ’ ಎಂಬ ಸಂದೇಶ ಕಳುಹಿಸಿ, ಉಳಿದವರ ಹೆಸರನ್ನು ಮುಂದಿನ ವಾರಕ್ಕೆ ಬರೆದುಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ವಿಡಿಯೊ ಹೊರಬೀಳುವ ಮುನ್ನ ಗುಂಪಿನೊಡನೆ ಕುಳಿತು, ಸ್ಕ್ರಿಪ್ಟಿನ ಪ್ರತಿ ವಾಕ್ಯದ ಎದುರು ಅದಕ್ಕೆ ಆಧಾರವಾದ ದಾಖಲೆಯನ್ನು ಗುರುತಿಸಬೇಕು. ದಾಖಲೆ ಇಲ್ಲದ ವಾಕ್ಯವನ್ನು ಅಳಿಸಬೇಕು. ಮಾನ್ಯತೆಯ ಹಂತ ಬದಲಾದ ವರ್ಷ ಎರಡನೆಯ ದೃಶ್ಯವನ್ನು ಮತ್ತೆ ಚಿತ್ರೀಕರಿಸಿ, ಹಳೆಯ ವಿಡಿಯೊವನ್ನು ಹಿಂತೆಗೆದುಕೊಳ್ಳಬೇಕು.