ಅಲಂಕಾರ ಉದುರಿದರೂ ಅರ್ಥ ಉಳಿಯುವ ಉತ್ತರ

ವೆಬ್ ಪುಟವನ್ನು ಕಟ್ಟುವವರಿಗೆ ಅದನ್ನು ಓದುವವರ ಕೈಯಲ್ಲಿ ಯಾವ ಯಂತ್ರವಿದೆ ಎಂದು ತಿಳಿದಿರುವುದಿಲ್ಲ. ಒಬ್ಬರ ಮುಂದೆ ದೊಡ್ಡ ಪರದೆಯ ಕಂಪ್ಯೂಟರ್ ಇರುತ್ತದೆ, ಇನ್ನೊಬ್ಬರ ಬಳಿ ಹಳೆಯ ಫೋನ್. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಈ ತೊಡಕಿಗೆ ವಿನ್ಯಾಸಕಾರರು ಕಂಡುಕೊಂಡ ದಾರಿಯ ಹೆಸರು ಗ್ರೇಸ್‌ಫುಲ್ ಡಿಗ್ರೆಡೇಶನ್. ಕನ್ನಡದಲ್ಲಿ ಅದನ್ನು ಹದದ ಇಳಿಕೆ ಎನ್ನಬಹುದು. ಪುಟದ ಯಾವುದಾದರೂ ಸೌಲಭ್ಯ ಓದುವವರ ಯಂತ್ರದಲ್ಲಿ ನಡೆಯದಿದ್ದರೆ ಇಡೀ ಪುಟ ಕುಸಿಯಬಾರದು. ಒಂದು ಮೆಟ್ಟಿಲು ಕೆಳಗಿಳಿದು, ಸರಳವಾದ ರೂಪದಲ್ಲಿ ಅದೇ ವಿಷಯವನ್ನು ತಲುಪಿಸಬೇಕು. ಇಂದು ಗ್ರಾಹಕರ ಪ್ರಶ್ನೆಗೋ ರೋಗಿಯ ಪ್ರಶ್ನೆಗೋ ಉತ್ತರ ಬರೆದು ಕಳಿಸುವವರೂ ಇದೇ ಸ್ಥಿತಿಯಲ್ಲಿದ್ದಾರೆ. ಅವರ ಉತ್ತರ ಇಮೇಲ್‌ನಲ್ಲಿ ತೆರೆಯಬಹುದು, ವಾಟ್ಸಾಪ್‌ಗೆ ದಾಟಬಹುದು, ಎಸ್‌ಎಂಎಸ್ ಆಗಿ ತಲುಪಬಹುದು, ಕಪ್ಪು ಬಿಳುಪಿನಲ್ಲಿ ಮುದ್ರಣವಾಗಬಹುದು. ಹಾಗಾಗಿ ವೆಬ್ ಕಲಿತ ಪಾಠ ಅವರಿಗೂ ಬೇಕಾಗುತ್ತದೆ.

ಈ ಪಾಠದ ಬೇರು ಎಚ್‌ಟಿಎಂಎಲ್ ಭಾಷೆಯ ಒಂದು ಸಣ್ಣ ನಿಯಮದಲ್ಲಿದೆ. 1995ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ನಿರೂಪಣೆಯ ಪ್ರಕಾರ, ಬ್ರೌಸರ್ ತನಗೆ ಗೊತ್ತಿಲ್ಲದ ಟ್ಯಾಗ್ ಕಂಡರೆ ತಪ್ಪೆಂದು ಕೂಗಿ ನಿಲ್ಲಬೇಕಾಗಿಲ್ಲ. ಟ್ಯಾಗನ್ನು ಬದಿಗಿಟ್ಟು, ಅದರ ನಡುವಿನ ಬರಹವನ್ನು ತೋರಿಸಿ ಮುಂದೆ ಹೋಗಬೇಕು. ಮುಂದೆ ಹೊಸ ಹೊಸ ಟ್ಯಾಗ್‌ಗಳು ಬಂದಾಗಲೂ ಹಳೆಯ ಬ್ರೌಸರ್‌ಗಳು ಕೈಚೆಲ್ಲದೆ ಉಳಿದದ್ದು ಇದರಿಂದಲೇ. ಉದಾಹರಣೆಗೆ, ವಿಡಿಯೊ ತೋರಿಸುವ ಟ್ಯಾಗನ್ನು ಹೀಗೆ ಬರೆಯುತ್ತಾರೆ:

```
<video src="paatha.mp4" controls>
  <a href="paatha.mp4">ಪಾಠದ ವಿಡಿಯೊ ಇಳಿಸಿಕೊಳ್ಳಿ</a>
</video>
```

ಹೊಸ ಬ್ರೌಸರ್‌ಗೆ `video` ಟ್ಯಾಗ್ ಗೊತ್ತು; ಅದು ಒಳಗಿನ ಕೊಂಡಿಯನ್ನು ಮುಚ್ಚಿಟ್ಟು ವಿಡಿಯೊ ತೋರಿಸುತ್ತದೆ. ಹಳೆಯ ಬ್ರೌಸರ್‌ಗೆ ಗೊತ್ತಿಲ್ಲ. ಅದು ಹೊರಗಿನ ಟ್ಯಾಗನ್ನು ಬಿಟ್ಟು ಒಳಗಿನ ಕೊಂಡಿಯನ್ನು ತೋರಿಸುತ್ತದೆ. ಚಿತ್ರಕ್ಕೆ ಸೇರಿಸುವ `alt` ಬರಹದ ಕೆಲಸವೂ ಇಂಥದ್ದೇ. 1992ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲಿಂಕ್ಸ್ ಎಂಬ ಬ್ರೌಸರ್ ಬರೀ ಅಕ್ಷರಗಳನ್ನು ತೋರಿಸಬಲ್ಲದು. ಚಿತ್ರವಿರುವ ಜಾಗದಲ್ಲಿ ಅದು `alt` ಬರಹವನ್ನು ಇಡುತ್ತದೆ. ಸ್ಕ್ರೀನ್ ರೀಡರ್ ಅದನ್ನೇ ಓದಿ ಹೇಳುತ್ತದೆ. ಎರಡೂ ಕಡೆ ಕೆಳಗಿನ ಪದರದಲ್ಲಿ ಮಾತು ಮೊದಲೇ ಇದ್ದುದರಿಂದ, ಮೇಲಿನ ಪದರ ಕಳಚಿದಾಗ ಅದು ಹೊರಗೆ ಕಂಡಿತು.

ಉತ್ತರ ಬರೆಯುವವರಿಗೆ ಮೇಲಿನ ಪದರವೆಂದರೆ ದಪ್ಪ ಅಕ್ಷರ, ಕೋಷ್ಟಕ, ಬಣ್ಣ, ಹೊಡೆದುಹಾಕಿದ ಗೆರೆ, ಒತ್ತುವ ಕೊಂಡಿ. ಇವುಗಳಲ್ಲಿ ಬಹುಪಾಲನ್ನು ಕೀಲಿಮಣೆಯ ಗುರುತುಗಳಿಂದ ಮಾಡುವ ಪದ್ಧತಿಗೆ ಮಾರ್ಕ್‌ಡೌನ್ ಎಂದು ಹೆಸರು. ಜಾನ್ ಗ್ರೂಬರ್ 2004ರಲ್ಲಿ ಅದನ್ನು ಪ್ರಕಟಿಸಿದಾಗ ಇಟ್ಟುಕೊಂಡಿದ್ದ ಮುಖ್ಯ ಗುರಿಯೇ ಹದದ ಇಳಿಕೆಯದು: ಗುರುತುಗಳು ರೂಪಾಂತರವಾಗದೆ ಹಾಗೆಯೇ ಉಳಿದರೂ ಬರಹ ಓದುವಂತಿರಬೇಕು. ಸಾದಾ ಇಮೇಲ್‌ಗಳಲ್ಲಿ ಜನ ಆಗಲೇ ಒತ್ತಿಗಾಗಿ ನಕ್ಷತ್ರ, ಪಟ್ಟಿಗಾಗಿ ಅಡ್ಡಗೆರೆ ಬಳಸುತ್ತಿದ್ದರು. ಆ ರೂಢಿಯನ್ನೇ ಅವರು ಆಧಾರವಾಗಿ ತೆಗೆದುಕೊಂಡರು.

ಆದರೂ ಗುರುತುಗಳು ಎಲ್ಲೆಡೆ ಒಂದೇ ಅರ್ಥ ಕೊಡುವುದಿಲ್ಲ. ಒಂದು ಪದದ ಎರಡು ಬದಿಗೆ ಒಂದೊಂದು ನಕ್ಷತ್ರ ಹಾಕಿದರೆ ಮಾರ್ಕ್‌ಡೌನ್‌ನಲ್ಲಿ ಅದು ಓರೆ ಅಕ್ಷರ, ವಾಟ್ಸಾಪ್‌ನಲ್ಲಿ ದಪ್ಪ ಅಕ್ಷರ, ಎಸ್‌ಎಂಎಸ್‌ನಲ್ಲಿ ಬರೀ ನಕ್ಷತ್ರ. ಈ ಮೂರರಲ್ಲಿ ಯಾವುದಾದರೂ ಓದುವವರಿಗೆ ನಷ್ಟವಿಲ್ಲ. ಗುರುತು ಉಳಿದುಕೊಂಡರೆ ಕಣ್ಣಿಗೆ ಕಿರಿಕಿರಿಯಾಗಬಹುದು, ಅಷ್ಟೆ. ಇದು ಕಾಣುವ ಕೆಡುಕು.

ಕಾಣದ ಕೆಡುಕು ಇದಕ್ಕಿಂತ ಅಪಾಯದ್ದು. ಅಲ್ಲಿ ಗುರುತು ಉಳಿಯುವುದಿಲ್ಲ, ಏನೋ ಕಳೆದುಹೋಗಿದೆ ಎಂಬ ಸುಳಿವೂ ಉಳಿಯುವುದಿಲ್ಲ. ತೊಟ್ಟಿಯ ಅಳತೆಯನ್ನು `4*6*2` ಅಡಿ ಎಂದು ಬರೆದರೆ ಮಾರ್ಕ್‌ಡೌನ್ ಎರಡೂ ನಕ್ಷತ್ರಗಳನ್ನು ಓರೆ ಅಕ್ಷರದ ಗುರುತೆಂದು ತಿಳಿದು ನುಂಗುತ್ತದೆ. ಪರದೆಯ ಮೇಲೆ 462 ಅಡಿ ಎಂದು ಮೂಡುತ್ತದೆ. ನೋಂದಣಿಗೆ `REG <name>` ಎಂದು ಸಂದೇಶ ಕಳಿಸಿ ಎಂದು ತಿಳಿಸಿದರೆ, ಬರಹವನ್ನು ಎಚ್‌ಟಿಎಂಎಲ್ ಎಂದು ಓದುವ ಪರದೆ `<name>` ಎಂಬುದನ್ನು ಗೊತ್ತಿಲ್ಲದ ಟ್ಯಾಗ್ ಎಂದು ಬಗೆದು ಬಿಟ್ಟುಬಿಡುತ್ತದೆ. ಓದುವವರಿಗೆ ಕಾಣುವುದು `REG` ಮಾತ್ರ. ಹಳೆಯ ಬ್ರೌಸರ್‌ಗಳನ್ನು ಕಾಪಾಡಿದ ನಿಯಮವೇ ಇಲ್ಲಿ ಉತ್ತರದ ಮುಖ್ಯ ಭಾಗವನ್ನು ಅಳಿಸುತ್ತದೆ. ವಿಳಾಸವನ್ನು ನಾಲ್ಕು ಸಾಲಾಗಿ ಬರೆದರೂ ಹಲವು ಪರದೆಗಳು ಒಂಟಿ ಸಾಲುಮುರಿತವನ್ನು ಜಾಗವೆಂದು ಎಣಿಸಿ ಎಲ್ಲವನ್ನೂ ಒಂದೇ ಸಾಲಿಗೆ ಜೋಡಿಸುತ್ತವೆ. ಸಾಲುಗಳ ಕೊನೆಯಲ್ಲಿ ಅಲ್ಪವಿರಾಮವಿದ್ದರೆ ಜೋಡಿಸಿದ ಮೇಲೂ ವಿಳಾಸ ಓದಲು ಬರುತ್ತದೆ. ಇಲ್ಲದಿದ್ದರೆ ಮನೆಯ ಸಂಖ್ಯೆ ಎಲ್ಲಿ ಮುಗಿಯಿತು, ಅಡ್ಡರಸ್ತೆಯ ಸಂಖ್ಯೆ ಎಲ್ಲಿ ಶುರುವಾಯಿತು ಎಂದು ತಿಳಿಯದು.

ಕಾಣುವ ಕೆಡುಕೂ ಕೆಲವೊಮ್ಮೆ ಪೂರ್ಣ ನಷ್ಟವಾಗುತ್ತದೆ ಎಂಬುದನ್ನು ಕನ್ನಡಿಗರು ಬಲ್ಲರು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಂಥ ತಂತ್ರಾಂಶದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಡತ ತೆರೆದರೆ ಕನ್ನಡ ಎಂಬ ಪದ `PÀ£ÀßqÀ` ಎಂದು ಕಾಣುತ್ತಿತ್ತು. ಅಲ್ಲಿ ಕನ್ನಡವಿದ್ದದ್ದು ಫಾಂಟ್ ಎಂಬ ಮೇಲಿನ ಪದರದಲ್ಲಿ ಮಾತ್ರ. ಕೆಳಗಿನ ಪದರದಲ್ಲಿದ್ದದ್ದು ಲ್ಯಾಟಿನ್ ಅಕ್ಷರಗಳು. ಇಳಿಯಲು ಮೆಟ್ಟಿಲೇ ಇರಲಿಲ್ಲ. ಯೂನಿಕೋಡ್‌ನಲ್ಲಿ ಅಕ್ಷರದ ಗುರುತು ಸಂಕೇತದಲ್ಲೇ ಇದೆ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣಬಹುದು, ಆದರೆ ಬರಹ ಕೆಟ್ಟಿರುವುದಿಲ್ಲ. ಇನ್ನೊಂದು ಯಂತ್ರದಲ್ಲಿ ತೆರೆದರೆ, ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ಅದೇ ಕನ್ನಡ ಸಿಗುತ್ತದೆ.

ಇದನ್ನೆಲ್ಲ ಒಂದು ಉತ್ತರಕ್ಕೆ ಅನ್ವಯಿಸಿ ನೋಡಬಹುದು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಯಾವಾಗ ಬರಬೇಕು, ಏನು ತಿನ್ನಬಾರದು ಎಂದು ರೋಗಿಯೊಬ್ಬರು ರಕ್ತಪರೀಕ್ಷೆಯ ಕೇಂದ್ರವನ್ನು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಸಿಬ್ಬಂದಿ ತಮ್ಮ ಕಂಪ್ಯೂಟರ್‌ನಲ್ಲಿ ಈ ಉತ್ತರ ಬರೆಯುತ್ತಾರೆ:

```
| ಕೆಲಸ | ಸಮಯ |
|---|---|
| **ಊಟ** | ಬುಧವಾರ ರಾತ್ರಿ 10 |
| **ರಕ್ತ** | ಗುರುವಾರ ಬೆಳಿಗ್ಗೆ ~~7~~ 8 |

ಕೆಂಪು ಬಣ್ಣದಲ್ಲಿರುವುದು ಬೇಡ. ವಿಳಾಸಕ್ಕೆ ಇಲ್ಲಿ ಒತ್ತಿ.
```

ಬರೆದವರ ಪರದೆಯಲ್ಲಿ ಇದು ಅಚ್ಚುಕಟ್ಟಾದ ಕೋಷ್ಟಕ. ಅಲ್ಲಿಂದ ನಕಲಿಸಿ ಎಸ್‌ಎಂಎಸ್‌ಗೆ ಅಂಟಿಸಿದಾಗ ಕೋಷ್ಟಕದ ಗೆರೆ ಹೋಗುತ್ತದೆ, 7ರ ಮೇಲಿನ ಹೊಡೆತವೂ ಹೋಗುತ್ತದೆ. ರೋಗಿ ಓದುವುದು “ಬೆಳಿಗ್ಗೆ 7 8”. ಏಳಕ್ಕೋ ಎಂಟಕ್ಕೋ, ಏಳರಿಂದ ಎಂಟರವರೆಗೋ ಎಂದು ತಿಳಿಯುವ ದಾರಿ ಉಳಿದಿಲ್ಲ. ಸ್ಕ್ರೀನ್ ರೀಡರ್‌ಗಳೂ ಹೊಡೆದುಹಾಕಿದ ಗೆರೆಯನ್ನು, ಬಣ್ಣವನ್ನು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ. “ಊಟ, ರಾತ್ರಿ 10” ಎಂಬುದಕ್ಕೆ ಹತ್ತಕ್ಕೆ ಊಟ ಮಾಡಿ ಎಂಬ ಅರ್ಥವೂ ಬರುತ್ತದೆ. ಕೆಂಪು ಬಣ್ಣ ಕಪ್ಪಾದ ಮೇಲೆ ಯಾವುದು ಬೇಡವೆಂದು ಗೊತ್ತಾಗುವುದಿಲ್ಲ. “ಇಲ್ಲಿ” ಎಂಬ ಪದದ ಹಿಂದಿದ್ದ ಕೊಂಡಿ ಬಿದ್ದುಹೋದ ಮೇಲೆ ಅದು ಎಲ್ಲಿಗೂ ಒಯ್ಯದು. ಈ ನಾಲ್ಕೂ ತಪ್ಪುಗಳ ಕಾರಣ ಒಂದೇ: ಮಾತಿನಲ್ಲಿ ಹೇಳಬೇಕಾದದ್ದನ್ನು ರೂಪದ ಮೇಲೆ ಹೊರಿಸಿದ್ದು. ಅದನ್ನು ಮಾತಿಗೆ ಮರಳಿಸಿದರೆ ಉತ್ತರ ಹೀಗಾಗುತ್ತದೆ:

```
ಗುರುವಾರ ಬೆಳಿಗ್ಗೆ 8 ಗಂಟೆಗೆ ರಕ್ತ ಕೊಡಲು ಬನ್ನಿ.
ಮೊದಲು ಹೇಳಿದ್ದ 7 ಗಂಟೆಯ ಸಮಯ ರದ್ದಾಗಿದೆ.

ಬುಧವಾರ ರಾತ್ರಿ 10 ಗಂಟೆಯ ನಂತರ ಏನನ್ನೂ ತಿನ್ನಬೇಡಿ.
ಕಾಫಿ, ಚಹಾ, ಹಾಲು ಕೂಡ ಬೇಡ. ನೀರು ಕುಡಿಯಬಹುದು.
```

ವಿಳಾಸವನ್ನು ಇದರ ಕೆಳಗೆ ಪೂರ್ತಿಯಾಗಿ, ಅಲ್ಪವಿರಾಮಗಳೊಡನೆ ಬರೆದರಾಯಿತು. ಸಾಲುಗಳೆಲ್ಲ ಒಂದಾಗಿ ಕೂಡಿಕೊಂಡರೂ ವಾಕ್ಯಗಳು ಪೂರ್ಣವಿರಾಮದಿಂದ ಬೇರೆಯಾಗಿಯೇ ಇರುತ್ತವೆ. “8 ಗಂಟೆಗೆ” ಎಂಬುದನ್ನು ಬೇಕಿದ್ದರೆ ದಪ್ಪ ಅಕ್ಷರದಲ್ಲಿ ಇಡಬಹುದು. ಆ ದಪ್ಪ ಹೋದರೆ ಹೋಗುವುದು ಒತ್ತು ಮಾತ್ರ.

ಮುಖ್ಯವಾದ ಮಾತು ಮೊದಲ ವಾಕ್ಯದಲ್ಲೇ ಬಂದಿರುವುದಕ್ಕೂ ಕಾರಣವಿದೆ. ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶದ ಸಂಕೇತಪದ್ಧತಿ ಬದಲಾಗಿ, ಮಿತಿ 70ಕ್ಕೆ ಇಳಿಯುತ್ತದೆ. ಒತ್ತು, ಕಾಗುಣಿತದ ಗುರುತುಗಳೂ ಈ ಎಣಿಕೆಗೆ ಸೇರುತ್ತವೆ. ಕನ್ನಡ ಎಂಬುದು ಕಣ್ಣಿಗೆ ಮೂರಕ್ಷರ, ಎಣಿಕೆಗೆ ಐದು: ಕ, ನ, ವಿರಾಮಚಿಹ್ನೆ, ನ, ಡ. ಉದ್ದದ ಸಂದೇಶವನ್ನು ತುಂಡುಗಳಾಗಿ ಕಳಿಸಿ ಫೋನ್‌ನಲ್ಲಿ ಜೋಡಿಸುತ್ತಾರೆ. ಜೋಡಿಸುವ ಮಾಹಿತಿಗೆ ಜಾಗ ಬೇಕಾದ್ದರಿಂದ ಪ್ರತಿ ತುಂಡಿಗೆ 67 ಮಾತ್ರ ಉಳಿಯುತ್ತದೆ. ಪೂರ್ತಿ ಸಂದೇಶ ತೆರೆಯದೆ ಫೋನ್‌ನ ಮೇಲ್ತುದಿಯ ಸೂಚನೆಯಲ್ಲಿ ಕಂಡಷ್ಟನ್ನೇ ಓದುವವರಿಗೂ “ಗುರುವಾರ ಬೆಳಿಗ್ಗೆ 8” ಮೊದಲು ಸಿಗಬೇಕು.

ವೆಬ್ ಮತ್ತು ಉತ್ತರದ ಹೋಲಿಕೆಗೆ ಒಂದು ಮಿತಿ ಇದೆ. ವೆಬ್ ಪುಟದಲ್ಲಿ ಎರಡು ರೂಪಗಳನ್ನು ಒಟ್ಟಿಗೆ ಇಟ್ಟು, ಯಾವುದನ್ನು ತೋರಿಸಬೇಕೆಂಬ ಆಯ್ಕೆಯನ್ನು ಬ್ರೌಸರ್‌ಗೆ ಬಿಡಬಹುದು. ಇಮೇಲ್‌ನಲ್ಲೂ ಅಂಥ ಏರ್ಪಾಡಿದೆ. 1992ರಲ್ಲಿ ಬಂದ ಮೈಮ್ ಪದ್ಧತಿಯ `multipart/alternative` ರೂಪದಲ್ಲಿ ಸಾದಾ ಬರಹ ಮೊದಲು, ಅಲಂಕೃತ ಬರಹ ಆಮೇಲೆ ಬರುತ್ತವೆ. ಪಡೆದವರ ತಂತ್ರಾಂಶ ತನಗೆ ಅರ್ಥವಾಗುವ ಕೊನೆಯ ರೂಪವನ್ನು ಆರಿಸಿಕೊಳ್ಳುತ್ತದೆ. ಕೈಯಿಂದ ಟೈಪ್ ಮಾಡಿ ಕಳಿಸಿದ ಉತ್ತರಕ್ಕೆ ಎರಡನೆಯ ರೂಪವಿಲ್ಲ. ಆದ್ದರಿಂದ ಅಲಂಕರಿಸಿ ಬರೆದು ಆಮೇಲೆ ಇಳಿಕೆಯ ಚಿಂತೆ ಮಾಡುವುದಕ್ಕಿಂತ, ಸಾದಾ ಬರಹದಿಂದ ಆರಂಭಿಸಿ ಮೇಲೇರುವುದು ಇಲ್ಲಿ ಹೆಚ್ಚು ಹೊಂದುತ್ತದೆ. ವೆಬ್ ವಿನ್ಯಾಸವೂ ಇದೇ ತಿರುವು ತೆಗೆದುಕೊಂಡಿತು. 2003ರಲ್ಲಿ ಅಮೆರಿಕದ ಆಸ್ಟಿನ್ ನಗರದ ಸಮಾವೇಶದಲ್ಲಿ ಸ್ಟೀವನ್ ಚಾಂಪಿಯನ್ ಮತ್ತು ನಿಕ್ ಫಿಂಕ್ ಈ ಹಿಮ್ಮುಖ ಕ್ರಮವನ್ನು ಪ್ರೋಗ್ರೆಸಿವ್ ಎನ್‌ಹಾನ್ಸ್‌ಮೆಂಟ್ ಎಂಬ ಹೆಸರಿನಿಂದ ಮುಂದಿಟ್ಟರು.

ಎಲ್ಲವೂ ಸಾದಾ ವಾಕ್ಯಕ್ಕೆ ಇಳಿಯುವುದೂ ಇಲ್ಲ. ಹತ್ತು ಊರು, ಆರು ದಿನಗಳ ಬಸ್ ವೇಳಾಪಟ್ಟಿಯನ್ನು ವಾಕ್ಯಗಳಲ್ಲಿ ಹೇಳಿದರೆ ಯಾರೂ ಅದರಲ್ಲಿ ಸಮಯ ಹುಡುಕಲಾರರು. ಅಂಥಲ್ಲಿ ಕೇಳಿದವರಿಗೆ ಬೇಕಾದ ಒಂದು ಬಸ್ಸಿನ ಸಮಯವನ್ನು ವಾಕ್ಯದಲ್ಲಿ ಹೇಳಿ, ಪೂರ್ಣ ಪಟ್ಟಿಯನ್ನು ಕಡತವಾಗಿ ಜೊತೆಗಿಡುವುದೇ ಸರಿ. ಕಂಪ್ಯೂಟರ್ ಆಜ್ಞೆಗಳಲ್ಲಿ ಒಂದು ಚಿಹ್ನೆ ಹೋದರೂ ಕೆಲಸ ಕೆಡುವುದರಿಂದ ಅವಕ್ಕೆ ಅವುಗಳದೇ ಚೌಕಟ್ಟು ಬೇಕು. ಓದುವವರ ಪರದೆ ಯಾವುದೆಂದು ಖಚಿತವಾಗಿ ತಿಳಿದಿದ್ದರೆ ಅದರ ಸೌಲಭ್ಯಗಳನ್ನು ಬಿಡಲು ಕಾರಣವಿಲ್ಲ.

ಉಳಿದ ಉತ್ತರಗಳಿಗೆ ಎರಡು ಪರೀಕ್ಷೆ ಸಾಕು. ಬರೆದದ್ದನ್ನು ಸಾದಾ ಬರಹವನ್ನಷ್ಟೇ ಹಿಡಿಯುವ ತಂತ್ರಾಂಶಕ್ಕೆ ಅಂಟಿಸಿದರೆ ಬಣ್ಣ, ಗೆರೆ, ಕೊಂಡಿ ಎಲ್ಲ ಕಳಚುತ್ತವೆ. ಉಳಿದದ್ದರಲ್ಲಿ ಅರ್ಥ ಬದಲಾಗಿದೆಯೇ ಎಂದು ನೋಡಬೇಕು. ಆಮೇಲೆ ಅದನ್ನೇ ಫೋನಿನಲ್ಲಿ ಒಬ್ಬರಿಗೆ ಓದಿ ಹೇಳಬೇಕು. ಓದುವಾಗ “ಇದಕ್ಕೆ ಗೆರೆ ಹೊಡೆದಿದೆ” ಎಂದೋ “ಇದು ಕೆಂಪಗಿದೆ” ಎಂದೋ ಬಾಯಿಂದ ಸೇರಿಸಬೇಕಾದರೆ, ಆ ಮಾತು ಉತ್ತರದಲ್ಲಿ ಬರೆಯದೆ ಉಳಿದಿದೆ ಎಂದರ್ಥ.