ಸೊನ್ನೆ ಬಡ್ಡಿಯ ಬೆಲೆ ಎಷ್ಟು?

‘ಮೂರು ತಿಂಗಳು ಬಡ್ಡಿಯೇ ಇಲ್ಲ, ನಿಮ್ಮ ಹಳೇ ಕಾರ್ಡಿನ ಬಾಕಿ ನಮ್ಮ ಕಾರ್ಡಿಗೆ ತನ್ನಿ’ ಎಂದು ಬ್ಯಾಂಕಿನಿಂದ ಫೋನು ಬರುತ್ತದೆ. ಕೊನೆಯಲ್ಲಿ, ತುಸು ತಗ್ಗಿದ ದನಿಯಲ್ಲಿ, ‘ಪ್ರೊಸೆಸಿಂಗ್ ಶುಲ್ಕ ಎರಡೇ ಪರ್ಸೆಂಟ್’ ಎಂಬ ಮಾತೂ ಬರುತ್ತದೆ.

ಮೈಸೂರಿನ ಶಿಕ್ಷಕಿಯೊಬ್ಬರಿಗೆ ₹60,000 ಬಾಕಿಯಿದೆ, ಹಳೇ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಳ್ಳೋಣ. ವರ್ಗಾವಣೆಯ ಶುಲ್ಕ ₹1,200, ಅದರ ಮೇಲೆ ಶೇ 18 ಜಿಎಸ್‌ಟಿ ₹216. ಒಟ್ಟು ₹1,416. ಇದು ಮೊದಲ ಬಿಲ್ಲಿನಲ್ಲೇ ಬಂದು ಕೂರುತ್ತದೆ.

ಅವರು ತಿಂಗಳ ಕೊನೆಗೆ ₹20,000ದಂತೆ ಮೂರು ಕಂತಿನಲ್ಲಿ ತೀರಿಸಿದರೆ, ಹಳೇ ಕಾರ್ಡಿನಲ್ಲಿ ಬಡ್ಡಿ ಸುಮಾರು ₹2,100, ₹1,400, ₹700 ಆಗುತ್ತಿತ್ತು. ಬಡ್ಡಿಗೂ ಜಿಎಸ್‌ಟಿ ಉಂಟು, ಸೇರಿಸಿದರೆ ₹4,956. ಹಾಗಾಗಿ ಉಳಿತಾಯ ₹3,540. ಲಾಭವೇ, ಆದರೆ ಸೊನ್ನೆಯಲ್ಲ: ಸಾಲ ತಿಂಗಳಿಂದ ತಿಂಗಳಿಗೆ ಕರಗುವುದರಿಂದ ಸರಾಸರಿ ಬಾಕಿ ₹40,000 ಮಾತ್ರ. ಅದರ ಮೇಲೆ ₹1,416 ಎಂದರೆ ತಿಂಗಳಿಗೆ ಶೇ 1.18, ವರ್ಷಕ್ಕೆ ಶೇ 14ರಷ್ಟು.

ಅವರು ತಿಂಗಳಿಗೆ ₹5,000 ಮಾತ್ರ ಕಟ್ಟಿದರೆ? ಅವಧಿ ಮುಗಿದಾಗ ₹45,000 ಉಳಿದಿರುತ್ತದೆ. ಹೊಸ ಕಾರ್ಡಿನ ಮಾಮೂಲಿ ದರವೂ ಶೇ 3.5 ಆಗಿದ್ದರೆ, ನಾಲ್ಕನೇ ತಿಂಗಳಿಗೇ ಜಿಎಸ್‌ಟಿ ಸಹಿತ ಸುಮಾರು ₹1,858.

ಇನ್ನೊಂದು ಗುಂಡಿಯಿದೆ. ಬಾಕಿ ಇರುವ ಕಾರ್ಡಿನಲ್ಲಿ ದಿನಸಿ ಕೊಂಡರೆ, ಆ ಖರೀದಿಗೆ ಸಾಮಾನ್ಯವಾಗಿ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಒಪ್ಪುವ ಮುನ್ನ ಅವಧಿ ಮುಗಿದ ನಂತರದ ದರವನ್ನು ಬ್ಯಾಂಕಿನಿಂದ ಇಮೇಲಿನಲ್ಲಿ ತರಿಸಿಕೊಳ್ಳಬೇಕು. ಫೋನಿನ ದನಿ ಬಿಲ್ಲಿನಲ್ಲಿ ಅಚ್ಚಾಗುವುದಿಲ್ಲ.